ಶೇರಿಗೆ ಲೆಕ್ಕ ಹಾಕಬಹುದು, ಬಿಟ್‌ಕಾಯಿನ್‌ಗೆ? ಹಾಳೆ-ಪೆನ್ನು ಹಿಡಿದು ನೋಡೋಣ

ನಾನು ವಿಜಯಪುರದಲ್ಲಿ ಒಂದು ಒಣದ್ರಾಕ್ಷಿ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಹೋದ ತಿಂಗಳು ಅಣ್ಣನ ಮಗ ಅಂಗಡಿಗೆ ಬಂದು ಮೊಬೈಲ್ ಮುಂದೆ ಹಿಡಿದ. ಒಂದು ಆ್ಯಪ್‌ನಲ್ಲಿ ಅವನ ಶೇರು, ಇನ್ನೊಂದರಲ್ಲಿ ಬಿಟ್‌ಕಾಯಿನ್. ಎರಡರಲ್ಲೂ ಅದೇ ಹಸಿರು ಬಾಣ, ಅದೇ ಏರಿಳಿತದ ಗೆರೆ.

"ಕಾಕಾ, ಎರಡೂ ಒಂದೇ ಅಲ್ಲೇನ್ರಿ? ಅದೂ ಏರ್ತದ, ಇಳೀತದ. ಇದೂ ಏರ್ತದ, ಇಳೀತದ."

"ಒಂದು ಹಾಳಿ ತಗೊಂಡು ಕೂಡು" ಅಂದೆ.

ಅವತ್ತು ಅವನ ಕೈಯಲ್ಲಿ ಮಾಡಿಸಿದ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ. ನೀವೂ ಓದುತ್ತಾ ಮಾಡಿ ನೋಡಿ, ಅರ್ಧ ಗಂಟೆ ಸಾಕು. ಬಿಟ್‌ಕಾಯಿನ್ ತಗೋಬೇಕೋ ಬೇಡವೋ ಅಂತ ನಾನು ಹೇಳುವುದಿಲ್ಲ. ಅದರ ಬೆಲೆ ಸರಿಯೋ ತಪ್ಪೋ ಅಂತ ಹೇಳುವುದು ಯಾಕೆ ಇಷ್ಟು ಕಷ್ಟ, ಅದಷ್ಟೇ ವಿಷಯ.

ಮೊದಲು ಒಂದು ಮಳಿಗೆಯಿಂದ ಶುರು ಮಾಡಿ

ಶೇರನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಬಜಾರದಲ್ಲಿ ಒಂದು ಮಳಿಗೆ ಮಾರಾಟಕ್ಕಿದೆ ಅಂತ ಇಟ್ಟುಕೊಳ್ಳಿ. ತಿಂಗಳಿಗೆ 9,000 ರೂಪಾಯಿ ಬಾಡಿಗೆ ಬರುತ್ತದೆ. ವರ್ಷಕ್ಕೆ 1,08,000. ಅದರಲ್ಲಿ ಮನೆಪಟ್ಟಿ, ರಿಪೇರಿ, ಒಂದಿಷ್ಟು ದಿನ ಖಾಲಿ ಬೀಳುವುದು ಅಂತ 18,000 ತೆಗೆಯಿರಿ. ಕೈಗೆ ಬರುವುದು 90,000.

ನನ್ನ ದುಡ್ಡಿಗೆ ವರ್ಷಕ್ಕೆ ನೂರಕ್ಕೆ ಒಂಬತ್ತಾದರೂ ಬರಬೇಕು ಅಂದರೆ, 90,000ವನ್ನು 0.09ರಿಂದ ಭಾಗಿಸಿ. ಹತ್ತು ಲಕ್ಷ. ಅಷ್ಟು ಕೊಡಬಹುದು.

ಮಾಲೀಕ 25 ಲಕ್ಷ ಕೇಳಿದ ಅನ್ನಿ. ಆಗ ನಿಮಗೆ ಬೀಳುವುದು ನೂರಕ್ಕೆ 3.6. ನೀವು ಏನು ಕೇಳುತ್ತೀರಿ? "ಬಾಡಿಗಿ ಇಷ್ಟು, ರೇಟ್ ಅಷ್ಟು ಯಾಕ್ರಿ?" ಅಂತ. ಅವನು, ಮುಂದೆ ರಸ್ತೆ ಅಗಲ ಆಗುತ್ತದೆ, ಬಾಡಿಗೆ ಡಬಲ್ ಆಗುತ್ತದೆ ಅಂತಾನೆ. ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು. ಆದರೆ ಗಮನಿಸಿ, ಇಬ್ಬರೂ ಜಗಳ ಆಡುತ್ತಿರುವುದು ಬಾಡಿಗೆಯ ಬಗ್ಗೆ. ಮುಂದಿನ ಗಿರಾಕಿಯ ಬಗ್ಗೆ ಅಲ್ಲ.

ಅದೇ ಲೆಕ್ಕವನ್ನು ಶೇರಿಗೆ ಹಚ್ಚಿ

ಶೇರು ಅಂದರೆ ನಡೆಯುತ್ತಿರುವ ಒಂದು ಧಂದೆಯಲ್ಲಿ ಸಣ್ಣ ಪಾಲು. ಸುಮ್ನೆ ಲೆಕ್ಕಕ್ಕೆ ಅಂತ ಒಂದು ಸಕ್ಕರೆ ಕಂಪನಿ ಕಲ್ಪಿಸಿಕೊಳ್ಳಿ. ಮುಂದಿನ ವರ್ಷ ಒಂದು ಶೇರಿಗೆ 10 ರೂಪಾಯಿ ಡಿವಿಡೆಂಡ್, ಅಂದರೆ ಲಾಭದ ಪಾಲು, ಕೊಡುತ್ತದೆ. ಆ ಡಿವಿಡೆಂಡ್ ವರ್ಷಕ್ಕೆ ಸುಮಾರು ನೂರಕ್ಕೆ 6ರಂತೆ ಬೆಳೆಯುತ್ತಾ ಹೋಗುತ್ತದೆ ಅನ್ನುವುದು ನಿಮ್ಮ ಅಂದಾಜು. ಶೇರಿನಲ್ಲಿ ಅಪಾಯ ಇದೆ, ಹಾಗಾಗಿ ನಿಮಗೆ 12 ಬೇಕು. ಬಾಡಿಗೆ ಏರದೆ ಹಾಗೇ ಇರುವ ಮಳಿಗೆಗೆ ಬರೀ ಭಾಗಿಸಿದೆವು. ಇಲ್ಲಿ ಆದಾಯ ಬೆಳೆಯುತ್ತಿರುವುದರಿಂದ ಬೆಳವಣಿಗೆಯನ್ನು ಕಳೆದು ಭಾಗಿಸಬೇಕು.

```
ಬೆಲೆ = ಮುಂದಿನ ವರ್ಷದ ಡಿವಿಡೆಂಡ್ ÷ (ಬೇಕಾದ ಲಾಭ − ಬೆಳವಣಿಗೆ)
     = 10 ÷ (0.12 − 0.06) = 167 ರೂಪಾಯಿ
```

ಬೆಳವಣಿಗೆ 6 ಅಲ್ಲ, 5 ಅಂತ ಹಾಕಿ ನೋಡಿ. 143 ಬರುತ್ತದೆ. 7 ಅಂತ ಹಾಕಿದರೆ 200. ಒಂದೇ ಒಂದು ಅಂಕಿ ಆಚೀಚೆ ಆದರೆ ಬೆಲೆ ಇಷ್ಟು ಅಲುಗಾಡುತ್ತದೆ. ಹಾಗಾಗಿ ಶೇರಿನ ಲೆಕ್ಕ ಪಕ್ಕಾ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಟಿವಿಯಲ್ಲಿ ಟಾರ್ಗೆಟ್ ಹೇಳುವವರು ಕೂಡ ಒಳಗೆ ಇಂಥದ್ದೇ ಒಂದು ಊಹೆ ಇಟ್ಟುಕೊಂಡಿರುತ್ತಾರೆ, ಹೊರಗೆ ತೋರಿಸುವುದಿಲ್ಲ ಅಷ್ಟೇ.

ಈಗ ಲೆಕ್ಕವನ್ನು ತಿರುಗಿಸಿ. ಇದು ನನಗೆ ಬಹಳ ಇಷ್ಟವಾದ ಕೆಲಸ. ಮಾರುಕಟ್ಟೆಯಲ್ಲಿ ಆ ಶೇರು 400ಕ್ಕೆ ಓಡುತ್ತಿದೆ ಅನ್ನಿ. 10ನ್ನು 400ರಿಂದ ಭಾಗಿಸಿದರೆ ನೂರಕ್ಕೆ ಎರಡೂವರೆ. ನಿಮಗೆ 12 ಬೇಕು, ಅಂದರೆ ಉಳಿದ ಒಂಬತ್ತೂವರೆ ಬೆಳವಣಿಗೆಯಿಂದಲೇ ಬರಬೇಕು, ಅದೂ ಒಂದೆರಡು ವರ್ಷ ಅಲ್ಲ, ಕೊನೆಯಿಲ್ಲದೆ. ಕಬ್ಬು ಅರೆಯುವ ಕಂಪನಿ ಹಾಗೆ ಬೆಳೆಯುತ್ತಾ ಹೋಗುತ್ತದಾ? ಬಾಗಲಕೋಟೆ ಕಡೆ ಕಬ್ಬು ಬೆಳೆಯುವ ಯಾರನ್ನಾದರೂ ಕೇಳಿ, ಕಾರ್ಖಾನೆ ಯಾವ ವರ್ಷ ಹೇಗಿತ್ತು ಅಂತ ಅವರೇ ಹೇಳುತ್ತಾರೆ. ಅಂದರೆ 400 ಅನ್ನುವ ಬೆಲೆಯ ಒಳಗೆ ಒಂದು ಮಾತು ಅಡಗಿದೆ, ಆ ಮಾತನ್ನು ಹೊರಗೆ ಎಳೆದು ನಿಜವೋ ಸುಳ್ಳೋ ಅಂತ ನೋಡಬಹುದು.

ಇಲ್ಲಿ ಅಳಿಯ ಒಂದು ಒಳ್ಳೆ ಪ್ರಶ್ನೆ ಕೇಳಿದ. ಅಳಿಯ ಅಂದರೆ ನನ್ನ ತಂಗಿ ಮಗ, ಅವನೂ ಅವತ್ತು ಅಲ್ಲೇ ಕೂತಿದ್ದ. "ಡಿವಿಡೆಂಡೇ ಕೊಡದ ಕಂಪನಿ ಇರ್ತಾವಲ್ಲ ಮಾವಾ, ಅವೂ ಸೊನ್ನೀನೇ ಏನು?"

ಅಲ್ಲ. ವಾರನ್ ಬಫೆಟ್ ಅವರ ಬರ್ಕ್‌ಷೈರ್ ಹ್ಯಾಥವೇ ಕಂಪನಿ ಅವರ ಕೈಗೆ ಬಂದ ಮೇಲೆ ಡಿವಿಡೆಂಡ್ ಕೊಟ್ಟಿದ್ದು ಒಂದೇ ಸಲ, 1967ರಲ್ಲಿ. ಆದರೆ ಗಳಿಕೆ ನಿಂತಿಲ್ಲ. ದುಡ್ಡು ಒಳಗೇ ಉಳಿದು ಬೇರೆ ಧಂದೆ ಕೊಳ್ಳುತ್ತದೆ. ಬಾಡಿಗೆ ದುಡ್ಡು ನಿಮ್ಮ ಕೈಗೆ ಕೊಡುವ ಬದಲು ಅದರಲ್ಲೇ ಮೇಲೊಂದು ಅಂತಸ್ತು ಕಟ್ಟಿದ ಹಾಗೆ. ಹಾಗಾಗಿ ನೋಡಬೇಕಾದ್ದು ಡಿವಿಡೆಂಡ್ ಬಂತಾ ಅಂತಲ್ಲ, ಧಂದೆಯಲ್ಲಿ ಹೊರಗಿನ ಗಿರಾಕಿಯಿಂದ ದುಡ್ಡು ಬರುತ್ತಿದೆಯಾ, ಅದರಲ್ಲಿ ನಿಮಗೆ ಹಕ್ಕು ಇದೆಯಾ ಅಂತ.

ಈಗ ಬಿಟ್‌ಕಾಯಿನ್ ಕಾಲಂ ತುಂಬಿಸಿ

ಹಾಳೆಯ ಇನ್ನೊಂದು ಬದಿಗೆ ಅದೇ ಸಾಲುಗಳನ್ನು ಬರೆಯಿರಿ. ವರ್ಷಕ್ಕೆ ಕೈಗೆ ಬರುವುದು ಎಷ್ಟು? ಸೊನ್ನೆ. ಒಂದು ಬಿಟ್‌ಕಾಯಿನ್ ಹತ್ತು ವರ್ಷ ಇಟ್ಟರೂ ಒಂದೇ ಬಿಟ್‌ಕಾಯಿನ್. ಸೊನ್ನೆಯನ್ನು ಯಾವುದರಿಂದ ಭಾಗಿಸಿದರೂ ಸೊನ್ನೆ.

ಇಲ್ಲಿಗೆ ಮುಗಿಯಿತು, ಬೆಲೆ ಸೊನ್ನೆ ಅಂತ ಹೇಳುವವರಿದ್ದಾರೆ. ನನಗೆ ಅದು ಅವಸರ ಅನ್ನಿಸುತ್ತದೆ. 2009ರ ಜನವರಿಯಲ್ಲಿ ಶುರುವಾದದ್ದು ಇನ್ನೂ ಓಡುತ್ತಿದೆ, ಜನ ದುಡ್ಡು ಕೊಟ್ಟು ಕೊಳ್ಳುತ್ತಿದ್ದಾರೆ. ಹಾಗಾಗಿ ಕಾಲಂನಲ್ಲಿ ಉಳಿದ ಒಂದೇ ಸಾಲನ್ನು ಬರೆಯಿರಿ: ಮುಂದಿನ ವರ್ಷ ಮಾರಿದರೆ ಎಷ್ಟು ಬರುತ್ತದೆ?

ನಿಮಗೆ 12 ಬೇಕು ಅಂತಲೇ ಇಟ್ಟುಕೊಳ್ಳಿ. ಮುಂದಿನ ವರ್ಷ 112 ಬರುತ್ತದೆ ಅಂದರೆ ಇವತ್ತು 100 ಕೊಡಬಹುದು. 56 ಬರುತ್ತದೆ ಅಂದರೆ 50. 1,120 ಬರುತ್ತದೆ ಅಂದರೆ 1,000. ಮೂರೂ ಲೆಕ್ಕ ಸರಿ. ಇದೇ ತೊಡಕು ನೋಡಿ. ಲೆಕ್ಕ ತಪ್ಪುತ್ತಿಲ್ಲ, ಯಾವ ಬೆಲೆ ಹಾಕಿದರೂ ಸರಿಹೋಗುತ್ತಿದೆ! ಮುಂದಿನ ವರ್ಷ ಕೊಳ್ಳುವವನು ಎಷ್ಟು ಕೊಡುತ್ತಾನೆ ಅಂತ ಕೇಳಿದರೆ, ಅದು ಅವನ ಮುಂದಿನವನು ಎಷ್ಟು ಕೊಡುತ್ತಾನೆ ಅನ್ನುವುದರ ಮೇಲೆ. ಅವನಿಗೂ ಅದೇ. ಶೇರಿನಲ್ಲೂ ನೀವು ಮುಂದಿನವನಿಗೆ ಮಾರುತ್ತೀರಿ, ನಿಜ. ಆದರೆ ಆ ಮುಂದಿನವನಿಗೆ ಡಿವಿಡೆಂಡ್ ಬರುತ್ತದೆ, ಅವನು ಅದನ್ನು ಲೆಕ್ಕ ಹಾಕಿಯೇ ಕೊಳ್ಳುತ್ತಾನೆ. ಸರಪಳಿ ಎಲ್ಲೋ ಒಂದು ಕಡೆ ಗೂಟಕ್ಕೆ ಕಟ್ಟಿದೆ. ಬಿಟ್‌ಕಾಯಿನ್ ಸರಪಳಿಗೆ ಗೂಟ ಇಲ್ಲ.

ಸುಲಭವಾಗಿ ಪರೀಕ್ಷೆ ಮಾಡಬೇಕು ಅಂದರೆ ಹೀಗೆ ಕೇಳಿಕೊಳ್ಳಿ. ಐದು ವರ್ಷ ಮಾರುಕಟ್ಟೆ ಬಾಗಿಲು ಮುಚ್ಚಿತು, ಯಾರೂ ಕೊಳ್ಳುವ ಹಾಗಿಲ್ಲ, ಮಾರುವ ಹಾಗಿಲ್ಲ. ಐದು ವರ್ಷದಲ್ಲಿ ನಿಮ್ಮ ಕೈಗೆ ಏನು ಬಂತು?

ಒಣದ್ರಾಕ್ಷಿಗೂ ಬಾಡಿಗೆ ಬರಲ್ಲ, ಹಾಗಾದರೆ?

ಈ ಪ್ರಶ್ನೆ ನನ್ನ ಕಸುಬಿಗೇ ಬಂತು. ತಿಕೋಟಾ ಕಡೆಯ ರೈತರು ದ್ರಾಕ್ಷಿ ಒಣಗಿಸಿ, ರೇಟ್ ಇಲ್ಲ ಅಂತ ಮಾಲನ್ನು ಕೋಲ್ಡ್ ಸ್ಟೋರೇಜ್‌ನಲ್ಲಿ ಇಡುತ್ತಾರೆ. ಅಲ್ಲಿ ಕೂತ ಬಾಕ್ಸ್ ಒಂದು ಪೈಸೆಯನ್ನೂ ದುಡಿಯುವುದಿಲ್ಲ. ಉಲ್ಟಾ ಬಾಡಿಗೆ ನಾವೇ ಕಟ್ಟಬೇಕು. ಹಾಗಿದ್ದರೂ ಅದರ ಬೆಲೆ ಬಗ್ಗೆ ನಮಗೆ ಒಂದು ಅಂದಾಜು ಇರುತ್ತದೆ, ಬಾಕ್ಸ್ ಬಿಚ್ಚಿ ಒಂದು ಮುಷ್ಟಿ ತೆಗೆದು, ಬಣ್ಣ ನೋಡಿ, ಒತ್ತಿ ನೋಡಿ, ಬಾಯಿಗೆ ಹಾಕಿಕೊಂಡು ರೇಟ್ ಹೇಳುತ್ತೇವೆ.

ಯಾಕೆ ಸಾಧ್ಯ? ಎರಡು ಕಾರಣ. ಒಂದು, ಕೊನೆಗೆ ಅದನ್ನು ಯಾರೋ ತಿನ್ನುತ್ತಾರೆ. ರೇಟ್ ತೀರಾ ಬಿದ್ದರೆ ಸ್ವೀಟ್ ಅಂಗಡಿಯವನು ಜಾಸ್ತಿ ಕೊಳ್ಳುತ್ತಾನೆ, ತೀರಾ ಏರಿದರೆ ಪಾಯಸಕ್ಕೆ ನಾಲ್ಕು ಕಡಿಮೆ ಹಾಕುತ್ತಾರೆ. ಎರಡು, ರೇಟ್ ಏರಿದರೆ ಮುಂದೆ ಮಾಲೂ ಜಾಸ್ತಿ ಬರುತ್ತದೆ. ಹೊಸ ತೋಟ ಆಗುತ್ತವೆ, ಹಣ್ಣು ಮಾರುವ ಬದಲು ಒಣಗಿಸುತ್ತಾರೆ, ರೇಟ್ ತಾನೇ ತಣ್ಣಗಾಗುತ್ತದೆ.

ಬಿಟ್‌ಕಾಯಿನ್‌ನಲ್ಲಿ ಎರಡನೆಯದು ಬೇಕಂತಲೇ ಇಲ್ಲ. ಒಟ್ಟು 2.1 ಕೋಟಿ ನಾಣ್ಯ ಅಷ್ಟೇ ಅಂತ ಮೊದಲೇ ಕಟ್ಟಿಟ್ಟಿದ್ದಾರೆ. ಸುಮಾರು ಹತ್ತು ನಿಮಿಷಕ್ಕೊಂದು ಬ್ಲಾಕ್, ಅಂದರೆ ಅದರ ಲೆಕ್ಕದ ಪುಸ್ತಕಕ್ಕೆ ಒಂದು ಹೊಸ ಪುಟ, ಸೇರುತ್ತದೆ. 2024ರ ಏಪ್ರಿಲ್‌ನಿಂದ ಬ್ಲಾಕಿಗೆ 3.125 ನಾಣ್ಯ, ಅಂದರೆ ದಿನಕ್ಕೆ ಸುಮಾರು 450 ಹೊಸದು. ಬೆಲೆ ಹತ್ತು ಪಟ್ಟು ಆದರೂ ದಿನಕ್ಕೆ 450. ಬೆಲೆ ಅರ್ಧ ಆದರೂ ಅಷ್ಟೇ. ಬೇಡಿಕೆ ಸ್ವಲ್ಪ ಅಲುಗಿದರೂ ಅದನ್ನು ತಾಳಿಕೊಳ್ಳಲು ಮಾಲು ಹೆಚ್ಚು ಕಡಿಮೆ ಆಗಲ್ಲ, ಇಡೀ ಹೊಡೆತ ಬೆಲೆಗೇ ಬೀಳುತ್ತದೆ. ಕಡಿಮೆ ಇದೆ, ಅದಕ್ಕೇ ಏರುತ್ತದೆ ಅನ್ನುವವರು ಇದರ ಇನ್ನೊಂದು ಮುಖ ಹೇಳುವುದಿಲ್ಲ.

ಮೊದಲನೆಯದು, ಅಂದರೆ ಉಪಯೋಗ, ಇದೆ. ಬ್ಯಾಂಕನ್ನು ಕೇಳದೆ ದೇಶದಿಂದ ದೇಶಕ್ಕೆ ಮೌಲ್ಯ ಕಳಿಸಬಹುದು, ಅದು ಸಣ್ಣ ವಿಷಯ ಅಲ್ಲ. ಆದರೆ ಆ ಉಪಯೋಗ ಬೆಲೆಯನ್ನು ಕಟ್ಟಿಹಾಕುವುದಿಲ್ಲ. ಹತ್ತು ಸಾವಿರ ರೂಪಾಯಿ ಕಳಿಸಬೇಕು ಅಂದರೆ ಹತ್ತು ಸಾವಿರದಷ್ಟು ನಾಣ್ಯ ಸ್ವಲ್ಪ ಹೊತ್ತು ಕೈಯಲ್ಲಿದ್ದರೆ ಸಾಕು. ನಾಣ್ಯದ ಬೆಲೆ ದೊಡ್ಡದಿದ್ದರೆ ಚೂರು ಸಣ್ಣದು, ಬೆಲೆ ಸಣ್ಣದಿದ್ದರೆ ಚೂರು ದೊಡ್ಡದು, ಕೆಲಸ ಒಂದೇ. ಕಳಿಸಿದವನು ಕಟ್ಟುವ ಫೀ ಯಾರಿಗೆ ಹೋಗುತ್ತದೆ? ಮಷಿನ್ ಓಡಿಸುವ ಮೈನರ್‌ಗೆ. ನಾಣ್ಯ ಇಟ್ಟುಕೊಂಡು ಕೂತ ನಿಮಗೆ ಒಂದು ಪೈಸೆಯೂ ಇಲ್ಲ. ಟೋಲ್ ರಸ್ತೆಯಲ್ಲಿ ಗಾಡಿ ಜಾಸ್ತಿ ಓಡಿದರೆ ಟೋಲ್ ಕಂಪನಿಯ ಶೇರುದಾರನಿಗೆ ಲಾಭ, ಟೋಲ್ ಚೀಟಿ ಕೂಡಿಟ್ಟವನಿಗೆ ಅಲ್ಲ, ಅಲ್ವಾ?

ಈಥರ್ ಅನ್ನುವ ಇನ್ನೊಂದು ಕ್ರಿಪ್ಟೊ ನಾಣ್ಯ ಸ್ವಲ್ಪ ಬೇರೆ. ಈಥರ್ ಅನ್ನು ಸ್ಟೇಕಿಂಗ್‌ಗೆ, ಅಂದರೆ ಜಾಲ ನಡೆಸಲು ಒತ್ತೆ ಇಟ್ಟವರಿಗೆ ಪ್ರತಿಫಲ ಬರುತ್ತದೆ. ಇಲ್ಲಿ ಒಂದು ಗೆರೆ ಎಳೆದು ನೋಡಿ. ಬಳಸುವವರು ಕೊಟ್ಟ ಫೀಯಿಂದ ಬಂದ ಭಾಗ ನಿಜವಾದ ಆದಾಯ. ಹೊಸದಾಗಿ ಹುಟ್ಟಿಸಿ ಹಂಚಿದ ಈಥರ್ ಬೋನಸ್ ಶೇರು ಇದ್ದ ಹಾಗೆ, ರೊಟ್ಟಿ ಅದೇ, ತುಂಡು ಜಾಸ್ತಿ ಅಷ್ಟೇ. ಯಾವುದೋ ಟೋಕನ್ ವರ್ಷಕ್ಕೆ ನೂರಕ್ಕೆ 20 ಕೊಡುತ್ತದೆ ಅಂತ ಕೇಳಿದಾಗ ಕೇಳಬೇಕಾದ ಪ್ರಶ್ನೆಯೂ ಇದೇ: ಆ ಇಪ್ಪತ್ತು ಯಾರ ಜೇಬಿನಿಂದ ಬರುತ್ತಿದೆ? 2022ರ ಮೇ ತಿಂಗಳಲ್ಲಿ ಕುಸಿದ ಟೆರ್ರಾ ಅನ್ನುವ ಕ್ರಿಪ್ಟೊ ಜಾಲದಲ್ಲಿ ಹೆಚ್ಚು ಕಡಿಮೆ ಅಷ್ಟೇ ಬಡ್ಡಿಯ ಆಸೆಗೆ ಜನ ದುಡ್ಡು ಇಟ್ಟಿದ್ದರು. ಅದರ ಲೂನಾ ನಾಣ್ಯ ಕೆಲವೇ ದಿನಗಳಲ್ಲಿ ಹತ್ತಾರು ಡಾಲರ್‌ನಿಂದ ಒಂದು ಸೆಂಟಿಗಿಂತ ಕೆಳಗೆ ಹೋಯಿತು.

ಬೇರೆ ಅಳತೆಗಳನ್ನೂ ಒಮ್ಮೆ ತಟ್ಟಿ ನೋಡಿ

ಆದಾಯ ಇಲ್ಲ ಅಂದಮೇಲೆ ಜನ ಬೇರೆ ಅಳತೆ ಹುಡುಕಿದ್ದಾರೆ. ಮೂರು ಜಾಸ್ತಿ ಕೇಳಿಬರುತ್ತವೆ.

ಮೊದಲನೆಯದು ಮೈನಿಂಗ್ ಖರ್ಚು. ಒಂದು ನಾಣ್ಯ ತೆಗೆಯಲು ಇಷ್ಟು ಕರೆಂಟ್ ಬೇಕು, ಅದಕ್ಕಿಂತ ಕೆಳಗೆ ಬೆಲೆ ಇಳಿಯಲ್ಲ ಅನ್ನುವ ವಾದ. ಕೇಳಲು ಚೆನ್ನಾಗಿದೆ, ಆದರೆ ಬಂಡಿ ಎತ್ತಿನ ಮುಂದೆ ಇದೆ. ಬಿಟ್‌ಕಾಯಿನ್ ಜಾಲ ಪ್ರತಿ 2,016 ಬ್ಲಾಕಿಗೆ, ಅಂದರೆ ಸುಮಾರು ಎರಡು ವಾರಕ್ಕೊಮ್ಮೆ, ಮೈನಿಂಗ್ ಎಷ್ಟು ಕಠಿಣ ಇರಬೇಕು ಅಂತ ತಾನೇ ಸರಿಮಾಡಿಕೊಳ್ಳುತ್ತದೆ. 2021ರಲ್ಲಿ ಚೀನಾ ಮೈನಿಂಗ್ ಮೇಲೆ ಬಿಗಿ ಮಾಡಿದಾಗ ರಾಶಿ ರಾಶಿ ಮಷಿನ್‌ಗಳು ಬಂದ್ ಆದವು. ಜುಲೈ ಆರಂಭದಲ್ಲಿ ಆ ಕಠಿಣತೆ ಒಂದೇ ಏಟಿಗೆ ಸುಮಾರು ನೂರಕ್ಕೆ 28 ಇಳಿಯಿತು. ಉಳಿದವರಿಗೆ ಅದೇ ಕರೆಂಟಿಗೆ ಜಾಸ್ತಿ ನಾಣ್ಯ. ಬೆಲೆ ಬಿದ್ದಾಗಲೂ ಇದೇ ಆಗುತ್ತದೆ. ನಷ್ಟದವರು ಸ್ವಿಚ್ ಆರಿಸುತ್ತಾರೆ, ಉಳಿದವರ ಖರ್ಚು ಇಳಿಯುತ್ತದೆ. ಖರ್ಚು ಬೆಲೆಯ ಹಿಂದೆ ಹೋಗುತ್ತದೆ. ನಮ್ಮ ತೋಟದಲ್ಲಿ ಹೀಗಾಗಲ್ಲ, ಪಕ್ಕದವನು ಬಳ್ಳಿ ಕಿತ್ತುಹಾಕಿದರೆ ನನ್ನ ಗೊಬ್ಬರದ ಖರ್ಚೇನೂ ಇಳಿಯುವುದಿಲ್ಲ.

ಎರಡನೆಯದು ಬಂಗಾರ. ಬಂಗಾರದ ಒಟ್ಟು ಬೆಲೆಯಲ್ಲಿ ಇಷ್ಟು ಪಾಲನ್ನು ಬಿಟ್‌ಕಾಯಿನ್ ಕಿತ್ತುಕೊಂಡರೆ ಒಂದು ನಾಣ್ಯಕ್ಕೆ ಇಷ್ಟು ಅನ್ನುವ ಲೆಕ್ಕ. ಪಾಲು ನೂರಕ್ಕೆ 5 ಅಂತ ಹಾಕಿದರೆ ಒಂದು ಬೆಲೆ, 50 ಅಂತ ಹಾಕಿದರೆ ಅದರ ಹತ್ತು ಪಟ್ಟು. 5ಕ್ಕೂ 50ಕ್ಕೂ ನಡುವೆ ಯಾವುದು ಅಂತ ಹೇಳಲು ಏನೂ ಇಲ್ಲ. ಶೇರಿನ ಲೆಕ್ಕದಲ್ಲಿ ನಾವು 5, 6, 7ರ ನಡುವೆ ಗುದ್ದಾಡಿದ್ದು ನೆನಪಿದೆಯಲ್ಲ?

ಮೂರನೆಯದು, ಹೊಸ ನಾಣ್ಯ ಕಡಿಮೆ ಆದಷ್ಟೂ ಬೆಲೆ ಏರಲೇಬೇಕು ಅನ್ನುವ ಸೂತ್ರ. ಸ್ಟಾಕ್-ಟು-ಫ್ಲೋ ಅಂತಾರೆ. ಅದನ್ನು ನಂಬಿದವರು 2021 ಮುಗಿಯುವುದರೊಳಗೆ ಒಂದು ಲಕ್ಷ ಡಾಲರ್ ಅಂತ ಕಾಯುತ್ತಿದ್ದರು. ವರ್ಷ ಮುಗಿದಾಗ ಬೆಲೆ ಅದರ ಅರ್ಧವೂ ಇರಲಿಲ್ಲ. ಒಂದು ಲಕ್ಷ ದಾಟಿದ್ದು 2024ರ ಡಿಸೆಂಬರ್‌ನಲ್ಲಿ. ಮಾಲು ಎಷ್ಟಿದೆ ಅಂತ ಮಾತ್ರ ಹೇಳಿ ರೇಟ್ ಹೇಳುವುದು, ಯಾರು ಕೊಳ್ಳುತ್ತಾರೆ ಅಂತ ಕೇಳದೆ ಸವಾಲು ಕೂಗಿದ ಹಾಗೆ.

ಬಿದ್ದಾಗ ಏನಾಗುತ್ತದೆ ಅಂತ ಬರೆದುಕೊಳ್ಳಿ

ಇಲ್ಲಿ ಶೇರಿಗೂ ಇದಕ್ಕೂ ಇರುವ ವ್ಯತ್ಯಾಸ ಕೈಗೆ ಸಿಗುತ್ತದೆ. ನಮ್ಮ 167ರ ಸಕ್ಕರೆ ಶೇರು ಗಾಬರಿಯಲ್ಲಿ 60ಕ್ಕೆ ಬಿತ್ತು ಅನ್ನಿ. 10 ರೂಪಾಯಿ ಡಿವಿಡೆಂಡ್ ನಿಂತಿಲ್ಲ ಅಂದರೆ, 60ಕ್ಕೆ ಕೊಂಡವನಿಗೆ ವರ್ಷಕ್ಕೆ ನೂರಕ್ಕೆ 16ರ ಮೇಲೆ ಕೈಗೇ ಬರುತ್ತದೆ. ಯಾರಿಗೂ ಮಾರಬೇಕಿಲ್ಲ. ಇದನ್ನು ನೋಡಿ ಯಾರೋ ಒಬ್ಬ ಕೊಳ್ಳಲು ಬರುತ್ತಾನೆ. ಡಿವಿಡೆಂಡೇ ನಿಂತಿದ್ದರೆ ಬಿದ್ದದ್ದು ನ್ಯಾಯ, ಅದೂ ಕಂಪನಿಯ ಲೆಕ್ಕಪತ್ರದಲ್ಲಿ ಗೊತ್ತಾಗುತ್ತದೆ.

ಬಿಟ್‌ಕಾಯಿನ್ 2021ರ ನವೆಂಬರ್‌ನಲ್ಲಿ ಸುಮಾರು 69,000 ಡಾಲರ್ ಇತ್ತು. ಮುಂದಿನ ವರ್ಷದ ನವೆಂಬರ್‌ನಲ್ಲಿ ಸುಮಾರು 16,000. ಮುಕ್ಕಾಲು ಭಾಗ ಹೋಯಿತು. 16,000 ಅಗ್ಗವಾ? 69,000ಕ್ಕೆ ಹೋಲಿಸಿದರೆ ಅಗ್ಗ, ಆದರೆ 69,000 ಸರಿಯಾದ ಬೆಲೆ ಅಂತ ಯಾರು ಹೇಳಿದ್ದು? ಆಮೇಲೆ ಅದು ಏರಿತು, ಧೈರ್ಯ ಮಾಡಿದವರು ಗೆದ್ದರು. ಆದರೆ ಆ ದಿನ ಅವರ ಕೈಯಲ್ಲಿ ಲೆಕ್ಕ ಇರಲಿಲ್ಲ, ನಂಬಿಕೆ ಇತ್ತು. ಅದೇ ನಂಬಿಕೆಯಿಂದ ಲೂನಾ ಬೀಳುವಾಗ ಕೊಂಡವರಿಗೆ ಏನೂ ಉಳಿಯಲಿಲ್ಲ.

ಕೊಳ್ಳುವುದೇ ಆದರೆ

ಬೆಲೆ ಅಳೆಯಲು ಆಗಲ್ಲ ಅಂದಮೇಲೆ, ಎಷ್ಟಕ್ಕೆ ಸಿಕ್ಕರೆ ಕೊಳ್ಳಲಿ ಅನ್ನುವ ಪ್ರಶ್ನೆಯನ್ನೇ ಬಿಡಿ. ಎಷ್ಟು ಕಳೆದುಕೊಂಡರೆ ನಡೆಯುತ್ತದೆ ಅಂತ ಕೇಳಿ. ಅಣ್ಣನ ಮಗನ ಉಳಿತಾಯ ಎರಡು ಲಕ್ಷ. ಹತ್ತು ಸಾವಿರ ಪೂರ್ತಿ ಹೋದರೂ ನಡೆಯುತ್ತದೆ ಅಂದ. ಹಾಗಾದರೆ ಹತ್ತು ಸಾವಿರ, ಅದು ಬಿದ್ದ ಮೇಲೆ "ಅಗ್ಗ ಆಗ್ಯಾದ" ಅಂತ ಮತ್ತೆ ಹಾಕುವ ಹಾಗಿಲ್ಲ. ಅಗ್ಗ ಅನ್ನಲು ನಮ್ಮ ಹತ್ತಿರ ಅಳತೆ ಇಲ್ಲ ಅಂತ ಈಗಷ್ಟೇ ನೋಡಿದೆವಲ್ಲ.

ಇನ್ನು ತೆರಿಗೆ. ಇದು ಬಹಳ ಜನಕ್ಕೆ ತಡವಾಗಿ ಗೊತ್ತಾಗುತ್ತದೆ. 2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಲಾಭಕ್ಕೆ ನೂರಕ್ಕೆ 30 ತೆರಿಗೆ, ಅದರ ಮೇಲೆ ನೂರಕ್ಕೆ 4 ಸೆಸ್. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗಿಲ್ಲ. ಒಂದರಲ್ಲಿ 40,000 ಲಾಭ, ಇನ್ನೊಂದರಲ್ಲಿ 40,000 ನಷ್ಟ ಆಯಿತು ಅನ್ನಿ. ಜೇಬಿಗೆ ಬಂದದ್ದು ಸೊನ್ನೆ, ಕಟ್ಟಬೇಕಾದ್ದು 12,480 ರೂಪಾಯಿ. ಶೇರಿನಲ್ಲಿ ನಿಯಮದ ಪ್ರಕಾರ ನಷ್ಟವನ್ನು ಲಾಭಕ್ಕೆ ಹೊಂದಿಸಬಹುದು, ಉಳಿದದ್ದನ್ನು ಮುಂದಿನ ವರ್ಷಗಳಿಗೂ ಒಯ್ಯಬಹುದು. ಮಾರಿದಾಗ ನೂರಕ್ಕೆ 1ರಂತೆ ಟಿಡಿಎಸ್ ಕೂಡ ಕಡಿಯುತ್ತಾರೆ, ಅದು ರಿಟರ್ನ್ ತುಂಬುವಾಗ ಹೊಂದಾಣಿಕೆ ಆಗುತ್ತದೆ. ಆದರೆ ದಿನಾ ಕೊಂಡು ಮಾರುವವನ ದುಡ್ಡು ಅಲ್ಲೇ ಸಿಕ್ಕಿಕೊಂಡಿರುತ್ತದೆ. ಕೊಂಡ ದಿನ, ರೇಟ್, ಮಾರಿದ ದಿನ, ಎಲ್ಲದರ ಸ್ಟೇಟ್‌ಮೆಂಟ್ ಆಗಾಗ ಇಳಿಸಿ ಇಟ್ಟುಕೊಳ್ಳಿ, ಆ್ಯಪ್ ಇವತ್ತು ಇದ್ದ ಹಾಗೆ ನಾಳೆ ಇರುತ್ತದೆ ಅಂತಿಲ್ಲ.

ಅಣ್ಣನ ಮಗ ಹಾಳೆ ಮಡಚಿ ಜೇಬಿಗೆ ಇಟ್ಟುಕೊಂಡ. ಹೋಗುವಾಗ ಬಾಗಿಲಲ್ಲಿ ನಿಂತು, "ಕಾಕಾ, ಆ 400ರ ಶೇರು ಅಂದ್ರಲ್ಲ, ನನ್ನ ಹತ್ರ ಇರೋದೂ ಹಂಗ ಐತೇನು ನೋಡಬೇಕಲ್ರಿ" ಅಂದ. ಕಂಪನಿ ಹೆಸರು ಕೇಳಿ ಅದರ ಡಿವಿಡೆಂಡ್ ಎಷ್ಟು ಅಂತ ಕೇಳಿದೆ. ಗೊತ್ತಿರಲಿಲ್ಲ. ಮತ್ತೆ ಕೂಡಿಸಿದೆ.